ಬಾರದವರ ಸರಾಸರಿ ಎಷ್ಟು, ಮೇಷ್ಟ್ರೇ?

ಓದುಗರ ಪತ್ರ: "ಅರವತ್ತರವರೆಗೂ ಬುದ್ಧಿ ಅಷ್ಟೇನೂ ಕುಂದುವುದಿಲ್ಲ ಎಂಬ ಸಿಯಾಟಲ್ ಅಧ್ಯಯನದ ಬಗ್ಗೆ ಓದಿ ನನ್ನಂಥ ಮುದುಕರಿಗೆ ಖುಷಿಯಾಗಿತ್ತು. ಕಳೆದ ಸಂಚಿಕೆಯಲ್ಲಿ ನೀವು 'ಮಧ್ಯೆ ಬಿಟ್ಟುಹೋದವರ ಕಥೆ ಏನು?' ಎಂದು ಕೇಳಿ ಅದಕ್ಕೆ ತಣ್ಣೀರೆರಚಿದಿರಿ. ಬಂದವರನ್ನು ತಾನೇ ಅಳೆಯಲು ಸಾಧ್ಯ? ಬಾರದವರಿಗಾಗಿ ವಿಜ್ಞಾನಿ ಏನು ಮಾಡಬೇಕು?" (ಒಬ್ಬ ನಿವೃತ್ತ ಗಣಿತ ಶಿಕ್ಷಕರು, ಶಿರಸಿ)

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಅಕ್ಷರ ನೋಡಿದರೇ ಗೊತ್ತಾಗುತ್ತದೆ, ನಿಮ್ಮ ಬುದ್ಧಿಗೆ ಏನೂ ಆಗಿಲ್ಲ. ಬಂದವರನ್ನು ಮಾತ್ರ ಅಳೆಯಲು ಸಾಧ್ಯ ಎಂಬುದೂ ನಿಜ. ಕೈಕಾಲು ಕಟ್ಟಿ ಯಾರನ್ನೂ ಪರೀಕ್ಷೆಗೆ ಕೂರಿಸಲಾಗದು. ಆದರೆ ಬಂದವರ ಅಂಕಕ್ಕೆ 'ಎಲ್ಲರ ಅಂಕ' ಎಂದು ಹೆಸರಿಡುವುದು ಬೇರೆ ಮಾತು. ನನ್ನ ತಕರಾರು ಅಲ್ಲಿದೆ.

ಸಿಯಾಟಲ್‌ನದೇ ತೆಗೆದುಕೊಳ್ಳಿ. 1956ರಲ್ಲಿ ವಾರ್ನರ್ ಶೈ ಎಂಬ ವಿದ್ಯಾರ್ಥಿ ತನ್ನ ಡಾಕ್ಟರೇಟ್‌ಗಾಗಿ 500 ಜನರ ಬುದ್ಧಿಶಕ್ತಿ ಅಳೆದ. ಎಲ್ಲರೂ ಒಂದು ಆರೋಗ್ಯ ಸಹಕಾರಿ ಯೋಜನೆಯ ಸದಸ್ಯರು, ಇಪ್ಪತ್ತರ ಹರೆಯದವರಿಂದ ಮುದುಕರವರೆಗೆ. ಏಳು ವರ್ಷ ಬಿಟ್ಟು, 1963ರಲ್ಲಿ ಮತ್ತೆ ಕರೆದಾಗ 303 ಜನ ಬಂದರು. 1970ರ ಹೊತ್ತಿಗೆ ಮೊದಲಿನವರಲ್ಲಿ ಉಳಿದವರು 162. ಕೆಲವರು ತೀರಿಕೊಂಡಿದ್ದರು, ಕೆಲವರು ಊರು ಬಿಟ್ಟಿದ್ದರು, ಕೆಲವರು ಕಾಯಿಲೆ ಬಿದ್ದಿದ್ದರು, ಕೆಲವರಿಗೆ ಸುಮ್ನೆ ಬೇಡ ಅನ್ನಿಸಿತ್ತು. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಜನ ಕಡಿಮೆಯಾದರೆ ಲೆಕ್ಕ ಸ್ವಲ್ಪ ಅಲುಗಾಡುತ್ತದೆ, ಅಷ್ಟೇ. ಆದರೆ ಬಿಟ್ಟುಹೋದವರ ಮೊದಲ ಸಲದ ಅಂಕ ತೆಗೆದು ನೋಡಿದಾಗ, ಅವು ಉಳಿದವರ ಅಂಕಗಳಿಗಿಂತ ಸರಾಸರಿಯಲ್ಲಿ ಕಡಿಮೆ ಇದ್ದವು. ಅಂದರೆ ಹೋದವರು ಒಂದು ಬಗೆಯವರು, ಉಳಿದವರು ಇನ್ನೊಂದು ಬಗೆಯವರು.

ನೀವು ಗಣಿತದವರು, ಒಂದು ಲೆಕ್ಕ ಬಿಡಿಸೋಣ. ಅಂಕಿಗಳು ನನ್ನ ಕಲ್ಪನೆ. ಹತ್ತು ಜನ, ಮೊದಲ ಸುತ್ತಿನ ಸರಾಸರಿ 50. ಅವರಲ್ಲಿ ಆರು ಜನರ ಸರಾಸರಿ 56, ನಾಲ್ವರದು 41. ಏಳು ವರ್ಷದ ಮೇಲೆ ನಾಲ್ವರು ಬರಲಿಲ್ಲ. ಬಂದ ಆರು ಜನ ತಲಾ 3 ಅಂಕ ಕಳೆದುಕೊಂಡು 53ಕ್ಕೆ ಇಳಿದಿದ್ದಾರೆ. ಈಗ ವರದಿಗಾರ ಏನು ಬರೆಯುತ್ತಾನೆ? ಮೊದಲು 50, ಈಗ 53. ವಯಸ್ಸಾದಂತೆ ಬುದ್ಧಿ ಏರಿತು! ಬಂದ ಒಬ್ಬೊಬ್ಬರದೂ ಇಳಿದಿದೆ, ಸರಾಸರಿ ಮಾತ್ರ ಏರಿದೆ.

ಸ್ವಲ್ಪ ಬಲ್ಲವರು ಹೀಗೆ ಮಾಡುವುದಿಲ್ಲ. ಎರಡೂ ಸಲ ಬಂದ ಆರು ಜನರನ್ನೇ ಹಿಡಿದು, 56ರಿಂದ 53, ಇಳಿಕೆ 3 ಎನ್ನುತ್ತಾರೆ. ಆದರೆ ಬಾರದ ನಾಲ್ವರಿಗೆ ಇಷ್ಟರಲ್ಲಿ 8 ಅಂಕ ಇಳಿದಿತ್ತು, ಅದಕ್ಕೇ ಬರಲಿಲ್ಲ ಎಂದುಕೊಳ್ಳಿ. ಆಗ ಹತ್ತು ಜನರ ನಿಜವಾದ ಇಳಿಕೆ 5. ನಮ್ಮ ವರದಿ ಹೇಳಿದ್ದು 3.

ಇನ್ನೊಂದು ಉಪಾಯವಿದೆ, ಔಷಧ ಪರೀಕ್ಷೆಗಳಲ್ಲಿ ವರ್ಷಗಟ್ಟಲೆ ಓಡಿದ್ದು. ಬಾರದವರ ಹಳೆಯ ಅಂಕವನ್ನೇ ಹೊಸ ಸುತ್ತಿಗೆ ನಕಲು ಮಾಡುವುದು. ಯಾರನ್ನೂ ಕೈಬಿಟ್ಟಂತಾಗಲಿಲ್ಲ, ನೋಡಲು ಎಷ್ಟು ನ್ಯಾಯವಾಗಿದೆ ಅಲ್ವಾ? ನಾಲ್ವರ ಇಳಿಕೆ ಸೊನ್ನೆ, ಆರು ಜನರದು ತಲಾ 3, ಸರಾಸರಿ 1.8. ಇದು ಹಿಂದಿನದಕ್ಕಿಂತಲೂ ಕೆಟ್ಟ ಉತ್ತರ. ಮರೆವಿನ ಕಾಯಿಲೆಯಂತೆ ದಿನೇದಿನೇ ಇಳಿಯುವ ರೋಗದಲ್ಲಂತೂ ಇದು ಅಪಾಯ. ಔಷಧ ಒಗ್ಗದೆ ಆರಂಭದಲ್ಲೇ ಬಿಟ್ಟವರ ಅಂಕ ಆ ಒಳ್ಳೆಯ ದಿನಕ್ಕೇ ನಿಂತುಬಿಡುತ್ತದೆ. ಹೆಚ್ಚು ಜನ ಓಡಿಹೋದ ಔಷಧಕ್ಕೇ ಹೆಚ್ಚು ಗುಣವಿದ್ದಂತೆ ಕಾಣಬಹುದು.

ಹಾಗಾದರೆ ಏನು ಮಾಡಬೇಕು? ಡೊನಾಲ್ಡ್ ರೂಬಿನ್ ಎಂಬ ಸಂಖ್ಯಾಶಾಸ್ತ್ರಜ್ಞ 1976ರಲ್ಲೇ ಕೇಳಿದ ಪ್ರಶ್ನೆಯಿಂದ ಶುರು ಮಾಡಬೇಕು: ಕಾಣೆಯಾದದ್ದು ಯಾಕೆ? ಒಬ್ಬ ಬಸ್ಸು ತಪ್ಪಿ ಬರಲಿಲ್ಲ, ಅದಕ್ಕೂ ಅವನ ಬುದ್ಧಿಗೂ ಸಂಬಂಧವಿಲ್ಲ. ಇನ್ನೊಬ್ಬ ಕಳೆದ ಸಲ ಕಡಿಮೆ ಅಂಕ ಬಂದದ್ದಕ್ಕೆ ಬೇಸರಪಟ್ಟು ಬರಲಿಲ್ಲ. ಆ ಅಂಕ ನಮ್ಮ ಪುಸ್ತಕದಲ್ಲಿದೆ. ಅಷ್ಟೇ ಅಂಕ ಬಂದಿದ್ದೂ ಮತ್ತೆ ಬಂದವರು ಎಷ್ಟು ಇಳಿದರೆಂದು ನೋಡಿ ಇವನದನ್ನು ಅಂದಾಜು ಮಾಡಬಹುದು. ಒಂದೇ ಅಂದಾಜು ಹಾಕದೆ ಹಲವು ಸಲ ಬೇರೆಬೇರೆ ಅಂಕ ತುಂಬಿ, ಉತ್ತರ ಎಷ್ಟು ಅಲುಗುತ್ತದೆಂದು ನೋಡುವ ವಿಧಾನವೂ ಇದೆ. ಮೂರನೆಯವನೇ ತಲೆನೋವು. ಕಳೆದ ಸಲ ಚೆನ್ನಾಗಿಯೇ ಇದ್ದ. ಆಮೇಲೆ ಮರೆವು ಹತ್ತಿತು, ನಾಚಿಕೆಯಾಗಿ ಬರಲಿಲ್ಲ. ಅವನು ಬಾರದ ಕಾರಣ ನಮ್ಮ ಪುಸ್ತಕದಲ್ಲಿ ಎಲ್ಲೂ ಇಲ್ಲ. ಯಾವ ಕಂಪ್ಯೂಟರೂ ಅದನ್ನು ಹುಡುಕಿ ಕೊಡದು. ಅಲ್ಲಿ ಮಾಡಬಹುದಾದ್ದು ಒಂದೇ: ಬಾರದವರು ಬಂದವರಿಗಿಂತ 2 ಅಂಕ ಹೆಚ್ಚು ಇಳಿದಿದ್ದರೆ ಏನಾಗುತ್ತದೆ, 4 ಇಳಿದಿದ್ದರೆ, 6 ಇಳಿದಿದ್ದರೆ, ಎಂದು ಎಳೆಯುತ್ತಾ ಹೋಗಿ, ನಮ್ಮ ತೀರ್ಮಾನ ಎಲ್ಲಿ ಮುರಿದು ಬೀಳುತ್ತದೆಂದು ಓದುಗರಿಗೆ ತೋರಿಸುವುದು. (ತೀರಿಕೊಂಡವರ ಮಾತು ಬೇರೆ. ಅವರ ಅಂಕ ಕಾಣೆಯಾಗಿಲ್ಲ, ಅದು ಇಲ್ಲವೇ ಇಲ್ಲ. ಅದನ್ನು ತುಂಬುವುದು ನನಗೆ ತಮಾಷೆಯಾಗಿ ಕಾಣುತ್ತದೆ.)

ಶೈ ಅವರಿಗೆ ಅನ್ಯಾಯ ಮಾಡಬಾರದು. ಅವರು ಬಿಟ್ಟವರನ್ನೂ ಉಳಿದವರನ್ನೂ ಹೋಲಿಸಿ ಪ್ರಕಟಿಸಿದರು. ಪ್ರತಿ ಏಳು ವರ್ಷಕ್ಕೆ ಹೊಸಬರನ್ನೂ ಸೇರಿಸಿಕೊಂಡರು. ಹಾಗೆ ಮಾಡಿದರೆ ಅದೇ ಪರೀಕ್ಷೆ ಮತ್ತೆ ಮತ್ತೆ ಬರೆದವರಿಗೆ ಅಭ್ಯಾಸದ ಬಲ ಎಷ್ಟು ಸಿಕ್ಕಿದೆ ಎಂಬುದೂ ತಿಳಿಯುತ್ತದೆ. ಒಂದೇ ದಿನ ಹುಡುಗರನ್ನೂ ಮುದುಕರನ್ನೂ ಅಳೆದು ಹೋಲಿಸಿದರೆ ಮುದುಕರಿಗೆ ಅನ್ಯಾಯವಾಗುತ್ತದೆ, ಅವರ ಕಾಲದಲ್ಲಿ ಶಾಲೆ ಕಡಿಮೆ ಇತ್ತು ಎಂದು ತೋರಿಸಿಕೊಟ್ಟವರೂ ಅವರೇ. ತಪ್ಪು, ಅವರ ಕೋಷ್ಟಕದ ಒಂದು ಸಾಲು ಎತ್ತಿ ತಲೆಬರಹ ಮಾಡಿದ ನಮ್ಮಂಥವರದು.

ನಮ್ಮಂಥವರು ಅಂದೆ, ಯಾಕೆಂದರೆ ನಾನೂ ಆ ಗುಂಪಿನವನೇ. ಒಮ್ಮೆ ಈ ಪತ್ರಿಕೆಯ ಓದುಗರ ಸಮೀಕ್ಷೆ ಮಾಡಿ, ಬಹುಪಾಲು ಜನ ಮೆಚ್ಚಿದ್ದಾರೆಂದು ಬೀಗಿದ್ದೆ. ಪ್ರಶ್ನೆಪತ್ರ ಕಳಿಸಿದ್ದು ಚಂದಾ ನವೀಕರಿಸಿದವರಿಗೆ ಮಾತ್ರ! ಬಿಟ್ಟವರ ಪಟ್ಟಿ ಅದೇ ಬೀರುವಿನಲ್ಲಿತ್ತು.

ಈಗ ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲೂ 45 ದಾಟಿದ ಹಳ್ಳಿಗರನ್ನು ವರ್ಷಾನುಗಟ್ಟಲೆ ಗಮನಿಸುವ ಮಿದುಳಿನ ಅಧ್ಯಯನ ನಡೆಯುತ್ತಿದೆ. ಅದರ ಸುದ್ದಿ ಬಂದಾಗ ಶೇಕಡಾವಾರು ಓದುವ ಮೊದಲು ಪ್ರತಿ ಸುತ್ತಿಗೆ ಎಷ್ಟು ಜನ ಬಂದರು ಎಂದು ಹುಡುಕಿ. ಗ್ರಾಫಿನ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ಆಮೇಲೆ, ಬಿಟ್ಟವರು ಮೊದಲ ಸುತ್ತಿನಲ್ಲಿ ಹೇಗಿದ್ದರು ಎಂಬ ಕೋಷ್ಟಕ. ಅದಿಲ್ಲದಿದ್ದರೆ ಪತ್ರ ಬರೆಯಿರಿ, ನನ್ನ ಮೇಲೆ ಬರೆದಷ್ಟೇ ಖಾರವಾಗಿ.

ಇಷ್ಟೆಲ್ಲ ನಿಮಗೆ ಹೇಳಬೇಕೆ, ಮೇಷ್ಟ್ರೇ? ನೂರಕ್ಕೆ ನೂರು ಫಲಿತಾಂಶದ ಫಲಕ ನೀವು ಜಾಸ್ತಿಯೇ ನೋಡಿರುತ್ತೀರಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ನಮ್ಮ ಶಾಲೆಯ ಗೇಟಿನ ಮೇಲೂ ಒಂದು ಕಟ್ಟಿದ್ದರು. ನನ್ನ ಬೆಂಚಿನವನೊಬ್ಬ ಅದರ ಕೆಳಗೆ ನಿಂತು ಓದುತ್ತಿದ್ದ. ಲೆಕ್ಕದಲ್ಲಿ ಹಿಂದೆ ಇದ್ದಾನೆಂದು ಡಿಸೆಂಬರಿನಲ್ಲೇ ಅವನ ಕೈಗೆ ಟಿ.ಸಿ. ಕೊಟ್ಟು ಕಳಿಸಿದ್ದರು.