ಮುಖ ನೋಡಿ ಕಟ್ಟುವ ಗ್ರಾಹಕರು: ಒಂದು ಆಪ್ತಸಲಹೆ ಪ್ರಕರಣ

ಸುಜಾತಾ ಎಂದು ಕರೆಯೋಣ. ಹೆಸರು, ಗುರುತು ಬದಲಿಸಿದ್ದೇನೆ. ಡೊಂಬಿವಲಿಯವರು. ಹೋಟೆಲುಗಳಿಗೆ ಬಿಲ್ಲಿಂಗ್ ಮತ್ತು ದಾಸ್ತಾನಿನ ಸಾಫ್ಟ್‌ವೇರ್ ಕೊಡುವ ಕಂಪನಿಯಲ್ಲಿ ಹಳೆಯ ಗ್ರಾಹಕರನ್ನು ನೋಡಿಕೊಳ್ಳುತ್ತಾರೆ. ಮುಂಬೈಯಲ್ಲಿ ನಾಲ್ಕು ಉಡುಪಿ ಹೋಟೆಲುಗಳಿರುವ ಹಿರಿಯರೊಬ್ಬರು ಒಂಬತ್ತು ವರ್ಷಗಳಿಂದ ಅವರ ಗ್ರಾಹಕರು, ಇವರನ್ನು ಮಗಳಂತೆ ಕಾಣುವವರು. ಒಪ್ಪಂದ ಮುಗಿಯಲು ಮೂರು ತಿಂಗಳಿತ್ತು. ಬಳಕೆ ಅರ್ಧಕ್ಕಿಳಿದಿತ್ತು.

‘ನಾನಾಗಿ ಮಾತೆತ್ತಿದರೆ, ಬಿಡುವ ಯೋಚನೆ ಇಲ್ಲದವರಿಗೂ ಅದು ಹೊಳೆದುಬಿಡುತ್ತದೆ. ಸುಮ್ಮನೆ ಬಿಲ್ ಕಳಿಸಿದರೆ ನನ್ನ ಮುಖ ನೋಡಿ ಕಟ್ಟುತ್ತಾರೆ’ ಎಂದರು. ಆದರೆ ಆ ಹಿರಿಯರ ಫೋನ್ ಬಂದರೆ ಸುಜಾತಾರ ಎದೆ ಹೊಡೆದುಕೊಳ್ಳುತ್ತಿತ್ತು.

ಈ ವರ್ಷ ಕಟ್ಟಿಯಾರು ಎಂಬುದನ್ನು ನಾನೂ ಒಪ್ಪಿದೆ. ಆದರೆ ದಾಕ್ಷಿಣ್ಯಕ್ಕೆ ಕಟ್ಟಿದವರು ಮುಂದಿನ ವರ್ಷ ಎದುರಿಗೆ ಬೇಡವೆನ್ನಲಾರದೆ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ. ಆಗ ವ್ಯವಹಾರದ ಜೊತೆ ಸಂಬಂಧವೂ ಕೆಡುತ್ತದೆ.

ಬಳಕೆಯ ಒಟ್ಟು ಅಂಕಿಯನ್ನು ಬದಿಗಿಟ್ಟು, ಶಾಖೆವಾರು, ಕೆಲಸವಾರು ಬಿಡಿಸಿ ತರಲು ಹೇಳಿದೆ. ಬಿಲ್ಲಿಂಗ್ ನಾಲ್ಕೂ ಕಡೆ ಮೊದಲಿನಂತೆಯೇ ಇತ್ತು. ದಾಸ್ತಾನಿನ ಭಾಗ ಮಾತ್ರ ಮೂರು ಶಾಖೆಗಳಲ್ಲಿ ಒಂದೇ ವಾರ ನಿಂತಿತ್ತು. ಅದನ್ನು ನಡೆಸುತ್ತಿದ್ದ ಮ್ಯಾನೇಜರ್ ಕೆಲಸ ಬಿಟ್ಟು ಊರಿಗೆ ಹೋದ ವಾರ ಅದು. ಎಲ್ಲ ಕಡೆ ಮೆಲ್ಲಮೆಲ್ಲನೆ ಇಳಿದಿದ್ದರೆ ಅಸಮಾಧಾನವೋ ಬೇರೆ ಕಂಪನಿಯೋ ಎಂದು ಅನುಮಾನಿಸಬೇಕಿತ್ತು. ಹೀಗೆ ಒಮ್ಮೆಲೇ ನಿಂತರೆ ಬಹುಮಟ್ಟಿಗೆ ಗೊತ್ತಿದ್ದ ಮನುಷ್ಯ ಹೋಗಿರುತ್ತಾನೆ.

ಹಿರಿಯರ ಭೇಟಿಗೆ ಮೊದಲು, ಎಷ್ಟರ ಮಟ್ಟಿಗೆ ಒಪ್ಪಂದ ಇಳಿಸಬಹುದೆಂದು ಮೇಲಧಿಕಾರಿಯಿಂದ ಇಮೇಲ್‌ನಲ್ಲಿ ಒಪ್ಪಿಗೆ ಪಡೆಯಲು ಸೂಚಿಸಿದೆ. ಊಟದ ಗದ್ದಲ ಮುಗಿದ ಮೇಲೆ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಬೇಕು, ಬಿಲ್ ಒಯ್ಯಬಾರದು. ಮೊದಲ ಮಾತನ್ನು ನನ್ನೆದುರೇ ಅಭ್ಯಾಸ ಮಾಡಿದರು: ‘ಅಣ್ಣಾ, ಮೂರು ಕಡೆ ದಾಸ್ತಾನಿನ ಭಾಗವನ್ನು ಯಾರೂ ತೆರೆಯುತ್ತಿಲ್ಲ. ಏನಾಯಿತು?’ ಕೇಳಿ ಸುಮ್ಮನಿರಬೇಕು. ಅದೇ ಅವರಿಗೆ ಕಷ್ಟ. ಹಿರಿಯರ ಪಾತ್ರದಲ್ಲಿ ನಾನು ಉತ್ತರಿಸುವ ಮೊದಲೇ ‘ಇಪ್ಪತ್ತು ಪರ್ಸೆಂಟ್ ಕಡಿಮೆ ಮಾಡಿಸುತ್ತೇನೆ’ ಎಂದುಬಿಡುತ್ತಿದ್ದರು. ಬಳಸದ ವಸ್ತುವಿಗೆ ರಿಯಾಯಿತಿ ಕೊಟ್ಟರೂ ಉಳಿದ ಎಂಬತ್ತು ಪಾಲು ಅವರಿಗೆ ದಂಡವೇ ತಾನೆ? ಮೇಲಾಗಿ ಮರುವರ್ಷದ ಚೌಕಾಸಿ ಆ ಕಡಿಮೆ ದರದಿಂದಲೇ ಶುರುವಾಗುತ್ತದೆ. ಅದರ ಬದಲು ಎರಡು ದಾರಿ ಮುಂದಿಡಲು ಹೇಳಿದೆ: ಹೊಸಬರಿಗೆ ಕಲಿಸಿ, ನವೀಕರಣದ ಮೊದಲೇ ಬಳಕೆ ನೋಡುವುದು, ಇಲ್ಲವೇ ಆ ಭಾಗ ತೆಗೆದು ಅಷ್ಟು ಹಣ ಇಳಿಸುವುದು.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನಗೆ ಹೇಗೆ ಹೇಳುವುದೆಂದು ನಾನೂ ಯೋಚಿಸುತ್ತಿದ್ದೆ ಮಗಳೇ’ ಎಂದರಂತೆ. ಸ್ಟೋರಿನವರು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ್ದರು. ಮುಲುಂಡ್ ಶಾಖೆಯ ಹುಡುಗನೊಬ್ಬ ಕಲಿತ. ಉಳಿದೆರಡು ಕಡೆ ದಾಸ್ತಾನಿನ ಭಾಗ ಕೈಬಿಟ್ಟು ಒಪ್ಪಂದ ನವೀಕರಣವಾಯಿತು.

ಮೊತ್ತ ಇಳಿದದ್ದಕ್ಕೆ ಮೇಲಧಿಕಾರಿ ಮುಖ ಗಂಟಿಕ್ಕಿದರು. ಇಮೇಲ್ ಇದ್ದುದರಿಂದ ಮಾತು ಬೆಳೆಯಲಿಲ್ಲ. ವರ್ಷದ ಗುರಿಯಲ್ಲಿ ಬಿದ್ದ ಕೊರತೆಯ ಬಗ್ಗೆ ಅವರೊಂದಿಗೆ ಹೇಗೆ ಮಾತನಾಡಬೇಕೆಂಬುದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.