ನಿದ್ದೆ ಬರುತ್ತಿಲ್ಲ ಎಂದವಳಿಗೆ ನಾನು ನಿದ್ದೆಯ ಪಾಠ ಹೇಳಿದೆ

ಪ್ರಶ್ನೆ: ನನ್ನ ಆಪ್ತ ಗೆಳೆಯ ಕೆಲಸ ಕಳೆದುಕೊಂಡು ತುಂಬಾ ಕುಗ್ಗಿದ್ದಾನೆ. ನಾನು ಏನು ಸೂಚಿಸಿದರೂ "ಅದೆಲ್ಲ ನೋಡಿಯಾಯಿತು" ಎನ್ನುತ್ತಾನೆ. ಸಲಹೆ ಕೊಡದೆ, ಅವನಿಗೆ ಸಮಾಧಾನವಾಗುವಂತೆ ಏನು ಮಾತನಾಡಬೇಕು?

"ಅದೆಲ್ಲ ನೋಡಿಯಾಯಿತು" ಎಂಬ ಆ ಮಾತನ್ನು ನಾನು ಒಂದೇ ಸಂಜೆ ಐದಾರು ಸಲ ಕೇಳಿಸಿಕೊಂಡಿದ್ದೇನೆ. ಅದರ ಅರ್ಥ ತಿಳಿಯದೆ ಹೋದದ್ದರಿಂದ ನಾಲ್ಕು ತಿಂಗಳು ಗೆಳತಿಯೊಬ್ಬಳು ನನ್ನಿಂದ ದೂರವಾಗಿದ್ದಳು.

ಅವಳ ತಾಯಿಗೆ ಪಾರ್ಶ್ವವಾಯುವಾಗಿ ದೇಹದ ಬಲಭಾಗ ಸ್ವಾಧೀನ ತಪ್ಪಿತ್ತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಆರೈಕೆಯೆಲ್ಲವೂ ಅವಳ ಮೇಲೆಯೇ ಬಿತ್ತು. ಎರಡು ತಿಂಗಳಾದ ಮೇಲೆ ಒಂದು ಸಂಜೆ ಅವಳು ಫೋನ್ ಮಾಡಿ, ಅದೂ ಇದೂ ಮಾತನಾಡಿ, ಕೊನೆಗೆ "ರಾತ್ರಿ ನಿದ್ದೆಯೇ ಬರುತ್ತಿಲ್ಲ ಕಣೇ" ಎಂದಳು. ನಾನು ಅದೇ ಕ್ಷಣ ಕೆಲಸಕ್ಕೆ ಇಳಿದುಬಿಟ್ಟೆ. ದಿನವೂ ಒಂದೇ ಹೊತ್ತಿಗೆ ಮಲಗು, ಮಲಗುವ ಮುಂಚೆ ಫೋನ್ ನೋಡಬೇಡ, ಸಂಜೆಯ ಮೇಲೆ ಕಾಫಿ ಬಿಡು, ರಾತ್ರಿಗೊಬ್ಬ ಆಯಾಳನ್ನು ಗೊತ್ತುಮಾಡಿಕೋ, ನಿನ್ನ ಅಣ್ಣನಿಗೆ ವಾರಕ್ಕೆರಡು ದಿನ ಬರಲು ಹೇಳು. ಅವಳು ಪ್ರತಿಯೊಂದಕ್ಕೂ ಒಂದೊಂದು ಕಾರಣ ಹೇಳಿದಳು. ಆಯಾ ಹತ್ತಿರ ಬಂದರೆ ಅಮ್ಮ ಹೆದರುತ್ತಾಳೆ, ಅಣ್ಣನಿಗೆ ರಜೆ ಸಿಗುವುದಿಲ್ಲ, ಉಳಿದದ್ದೆಲ್ಲ ನೋಡಿಯಾಯಿತು. ಕೊನೆಗೆ "ಸರಿ, ನೋಡುತ್ತೇನೆ" ಎಂದು ಫೋನ್ ಇಟ್ಟಳು. ಮಾತು ಸಾರ್ಥಕವಾಯಿತು ಎಂದೇ ನಾನು ತಿಳಿದೆ. ಮರುದಿನ ನಿದ್ದೆಯ ಕುರಿತ ಕೆಲವು ಲೇಖನಗಳನ್ನು ಹುಡುಕಿ ಕಳಿಸಿದೆ. ಮೂರನೆಯ ದಿನ "ಅಣ್ಣನಿಗೆ ಹೇಳಿದೆಯಾ?" ಎಂದು ವಿಚಾರಿಸಿದೆ. ಆಮೇಲೆ ಅವಳ ಉತ್ತರಗಳು ಚಿಕ್ಕವಾಗುತ್ತಾ ಬಂದವು, ಕೊನೆಗೆ "ಎಲ್ಲ ಪರವಾಗಿಲ್ಲ" ಎಂಬುದೊಂದೇ ಉಳಿಯಿತು.

ನನ್ನ ತಪ್ಪು ಯಾವುದೆಂದು ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಕಾಲ ನಾನು ಅದನ್ನೇ ತಪ್ಪಾಗಿ ಗುರುತಿಸಿದ್ದೆ. ಹೆಚ್ಚು ಸಲಹೆ ಕೊಟ್ಟೆ, ಕಡಿಮೆ ಕೊಡಬೇಕಾಗಿತ್ತು ಎಂದುಕೊಂಡಿದ್ದೆ. ನಿಜವಾದ ತಪ್ಪು ಅದಕ್ಕೂ ಮೊದಲೇ ನಡೆದುಹೋಗಿತ್ತು. ಅವಳು ಹೇಳಿದ ಮೊದಲ ವಾಕ್ಯವನ್ನೇ ಅವಳ ಕಷ್ಟವೆಂದು ನಾನು ಭಾವಿಸಿದೆ. ಕಷ್ಟದಲ್ಲಿರುವವರು ಮೊದಲು ಆಡುವ ಮಾತು ಬಹುಪಾಲು ಹೇಳಲು ಸುಲಭವಾದ ಮಾತಾಗಿರುತ್ತದೆ. ನಿದ್ದೆ, ತಲೆನೋವು, ಕೆಲಸದ ಒತ್ತಡ ಇಂಥವನ್ನು ಮುಂದಿಟ್ಟು, ಎದುರಿನವರು ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ ಎಂದು ನೋಡಿ, ಹೇಳಬಹುದು ಎನ್ನಿಸಿದರೆ ಮಾತ್ರ ಮುಂದಿನದನ್ನು ಹೇಳುತ್ತಾರೆ. ನಾನು ಆ ಮೊದಲ ವಾಕ್ಯಕ್ಕೇ ಉತ್ತರ ಕೊಟ್ಟು ಮುಗಿಸಿದ್ದರಿಂದ ಎರಡನೆಯ ವಾಕ್ಯ ಬರಲೇ ಇಲ್ಲ. "ಏಕೆ ನಿದ್ದೆ ಬರುತ್ತಿಲ್ಲ? ರಾತ್ರಿಯೆಲ್ಲ ಹೇಗಿರುತ್ತದೆ?" ಎಂದು ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು. ಇಪ್ಪತ್ತು ನಿಮಿಷ ಮಾತನಾಡಿಯೂ ನಾನು ಅದನ್ನು ಕೇಳಿರಲಿಲ್ಲ. ಕೇಳದೆ ಕೊಟ್ಟ ಸಲಹೆ ಒಳ್ಳೆಯದಾಗಿದ್ದರೂ, ಅದನ್ನು ಕೇಳಿಸಿಕೊಂಡವರಿಗೆ "ಇಷ್ಟು ಸಣ್ಣ ವಿಷಯ ನಿನಗೆ ಹೊಳೆಯಲಿಲ್ಲವೇ?" ಎಂಬಂತೆ ತಾಕುತ್ತದೆ. ಎರಡು ತಿಂಗಳಿನಿಂದ ಹಗಲುರಾತ್ರಿ ಅದನ್ನೇ ಯೋಚಿಸುತ್ತಿದ್ದವಳಿಗೆ ನಾನು ಎರಡು ನಿಮಿಷದಲ್ಲಿ ತೋಚಿದ್ದನ್ನು ಹೇಳಿದ್ದೆ.

ನಾಲ್ಕು ತಿಂಗಳ ನಂತರ ನಾನೇ ಅವಳ ಮನೆಗೆ ಹೋದೆ, ಒಂದು ರಾತ್ರಿ ಉಳಿದೆ. ಸ್ವತಃ ಹೊರಳಲಾಗದವರು ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣಾಗುತ್ತದೆ ಎಂಬ ಕಾರಣಕ್ಕೆ ಅವಳು ಸುಮಾರು 2 ಗಂಟೆಗೊಮ್ಮೆ ಎದ್ದು ತಾಯಿಯ ಮಗ್ಗುಲು ಬದಲಿಸಬೇಕಾಗಿತ್ತು. ಬೆನ್ನಿಗೆ ದಿಂಬು ಕೊಟ್ಟು, ಮೊಣಕಾಲುಗಳ ನಡುವೆ ಇನ್ನೊಂದು ದಿಂಬು ಇಟ್ಟು, ಬಟ್ಟೆ ಒದ್ದೆಯಾಗಿದ್ದರೆ ಬದಲಿಸಿ ಮತ್ತೆ ಮಲಗುತ್ತಿದ್ದಳು. ಹೀಗೆ ರಾತ್ರಿಯಿಡೀ ಏಳುವವಳಿಗೆ ನಾನು "ದಿನವೂ ಒಂದೇ ಹೊತ್ತಿಗೆ ಮಲಗು" ಎಂದಿದ್ದೆ. ಆ ರಾತ್ರಿ ಎರಡನೆಯ ಸಲ ಅವಳು ಎದ್ದಾಗ ನಾನೂ ಎದ್ದು ದಿಂಬು ಹಿಡಿದೆ. ಕೆಲಸ ಮುಗಿದ ಮೇಲೆ ಇಬ್ಬರೂ ನೆಲದ ಮೇಲೆ ಕುಳಿತೆವು. ನಾನು ಏನನ್ನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ "ಏಳುವುದು ಕಷ್ಟವಲ್ಲ ಕಣೇ" ಎಂದಳು.

ನಾನು "ಎದ್ದ ಮೇಲೆ ಮತ್ತೆ ಮಲಗುವುದು ಕಷ್ಟ" ಎಂದೆ. ಪ್ರಶ್ನೆಯ ಧಾಟಿಯಲ್ಲಿ ಹೇಳಲಿಲ್ಲ, ಅವಳ ಮಾತನ್ನೇ ಒಂದು ಹೆಜ್ಜೆ ಮುಂದಕ್ಕೆ ಒಯ್ದು ಅವಳ ಮುಂದಿಟ್ಟೆ. ಊಹೆ ತಪ್ಪಾಗಿದ್ದರೆ ಅವಳು ತಿದ್ದುತ್ತಿದ್ದಳು, ಅದರಿಂದಲೂ ಮಾತು ಮುಂದುವರಿಯುತ್ತಿತ್ತು.

"ಹೌದು. ಅಮ್ಮನ ಉಸಿರು ಕೇಳಿಸಿಕೊಳ್ಳುತ್ತಾ ಮಲಗಿರುತ್ತೇನೆ. ಒಂದು ರಾತ್ರಿ ಅದು ನಿಂತರೆ ಸಾಕು ಅನ್ನಿಸಿತು."

"ಛೇ, ಹಾಗೆಲ್ಲ ಅನ್ನಬಾರದು" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದರ ಹಿಂದೆಯೇ "ಎಲ್ಲರಿಗೂ ಹಾಗೆ ಅನ್ನಿಸುತ್ತದೆ, ನೀನು ಒಳ್ಳೆಯ ಮಗಳು" ಎಂಬುದೂ ಬಂದಿತ್ತು. ಇವೆರಡೂ ಸಲಹೆಗಳಲ್ಲ, ಆದರೂ ಸಲಹೆ ಮಾಡುವ ಕೆಲಸವನ್ನೇ ಮಾಡುತ್ತವೆ. ಅವಳು ಈಗಷ್ಟೇ ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿಬಿಡುತ್ತವೆ. ನಿಮ್ಮ ಪ್ರಶ್ನೆಯ ಕೊನೆಯ ಭಾಗವನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಸಮಾಧಾನವಾಗುವಂತೆ ಮಾತನಾಡಬೇಕು ಎಂಬ ಗುರಿ ಇಟ್ಟುಕೊಂಡವರು ಸಲಹೆಯನ್ನು ಬಿಟ್ಟರೂ ಅವಸರವನ್ನು ಬಿಟ್ಟಿರುವುದಿಲ್ಲ. ಗೆಳೆಯನ ಮುಖ ಬೇಗ ತಿಳಿಯಾಗಲಿ ಎಂಬ ಆತುರ ಅವನಿಗೆ ಕಾಣಿಸುತ್ತದೆ, ಕಂಡ ಕೂಡಲೇ ಅವನು ನಿಮಗಾಗಿ ಮುಖ ತಿಳಿಮಾಡಿಕೊಳ್ಳುತ್ತಾನೆ. ನನ್ನ ಗೆಳತಿಯ "ಎಲ್ಲ ಪರವಾಗಿಲ್ಲ" ಎಂಬುದು ಅಂಥದ್ದೇ ಆಗಿತ್ತು.

ನಾನು ಹೇಳಿದ್ದು ಇಷ್ಟೇ: "ಅಷ್ಟು ದಣಿದಿದ್ದೀಯ. ಹಾಗೆ ಅನ್ನಿಸಿದ ಮೇಲೆ ನಿನ್ನನ್ನು ಕಂಡರೆ ನಿನಗೇ ಭಯವಾಗಿದೆ." ಅವಳು ಬಹಳ ಹೊತ್ತು ಅತ್ತಳು. ನಾನು ನೀರು ತರಲು ಏಳಲಿಲ್ಲ, ಬೆನ್ನು ಸವರಲಿಲ್ಲ, ಪಕ್ಕದಲ್ಲಿ ಕುಳಿತಿದ್ದೆ. ಅಳು ನಿಂತ ಮೇಲೆ ಒಂದು ಪ್ರಶ್ನೆಯನ್ನು ಮಾತ್ರ ನೇರವಾಗಿ ಕೇಳಿದೆ: "ಸಾಯಬೇಕು ಅಂತ ನಿನಗೆ ಯಾವಾಗಲಾದರೂ ಅನ್ನಿಸಿದೆಯಾ?" ಇಲ್ಲ ಎಂದಳು, ಅದು ನಿಜವೆಂದು ಅವಳ ಮುಖವೂ ಹೇಳುತ್ತಿತ್ತು. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಹಲವರು ಅಂಜುತ್ತಾರೆ, ಆದರೆ ಹಾಗಾಗುವುದಿಲ್ಲ. ನಿಮ್ಮ ಗೆಳೆಯನ ಮಾತಿನಲ್ಲಿ ಅಂಥ ಛಾಯೆ ಕಂಡರೆ ಸುತ್ತಿಬಳಸದೆ ಕೇಳಿ. ಹೌದು ಎಂದರೆ ನಾನು ಇಲ್ಲಿ ಹೇಳುತ್ತಿರುವ ತಾಳ್ಮೆಯ ಮಾತುಗಳೆಲ್ಲ ಪಕ್ಕಕ್ಕಿರಲಿ. ಅವನನ್ನು ಒಂಟಿಯಾಗಿ ಬಿಡದೆ, ಅವನ ಮನೆಯವರನ್ನೂ ವೈದ್ಯರನ್ನೂ ಆ ದಿನವೇ ಸೇರಿಸಿಕೊಳ್ಳಬೇಕು.

ಇನ್ನು "ನೋಡಿಯಾಯಿತು" ಎಂಬ ಮಾತಿಗೆ ಬರುತ್ತೇನೆ. ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ ಕುಡಿತದ ಸಮಸ್ಯೆಯಿದ್ದವರೊಡನೆ ಮಾತನಾಡುವ ಬಗೆಯ ಕುರಿತು 1983ರಲ್ಲಿ ಒಂದು ಪ್ರಬಂಧ ಬರೆದರು. ಮುಂದೆ ಸ್ಟೀಫನ್ ರಾಲ್ನಿಕ್ ಅವರೊಡನೆ ಸೇರಿ ಆ ವಿಧಾನವನ್ನು ಬೆಳೆಸಿದರು. ಎದುರಿನವರನ್ನು ತಕ್ಷಣ ಸರಿದಾರಿಗೆ ತರಬೇಕೆನ್ನುವ ತವಕ ಸಹಾಯಕ್ಕೆ ಬಂದವರಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅವರು ಚೆನ್ನಾಗಿ ವಿವರಿಸುತ್ತಾರೆ. ಇಕ್ಕಟ್ಟಿನಲ್ಲಿರುವವರ ಮನಸ್ಸಿನಲ್ಲಿ ಎರಡು ದನಿಗಳಿರುತ್ತವೆ. ಅಣ್ಣನನ್ನು ಕೇಳಬೇಕು ಎಂಬುದೊಂದು, ಕೇಳಿದರೆ ನನ್ನ ಕೈಲಾಗಲಿಲ್ಲ ಎಂದಾಗುತ್ತದೆ ಎಂಬುದು ಇನ್ನೊಂದು. ನಾನು ಮೊದಲ ದನಿಯನ್ನು ವಹಿಸಿಕೊಂಡು ವಾದಿಸಿದರೆ ಅವಳಿಗೆ ಉಳಿಯುವುದು ಎರಡನೆಯದು ಮಾತ್ರ. ಆ ಸಂಜೆ ಅಣ್ಣನನ್ನು ಏಕೆ ಕರೆಯಬಾರದು ಎಂಬುದನ್ನು ಅವಳ ಬಾಯಿಂದಲೇ ಮತ್ತೆಮತ್ತೆ ಹೇಳಿಸಿ ಆ ದನಿಯನ್ನು ಗಟ್ಟಿ ಮಾಡಿದವಳು ನಾನು. ಆದ್ದರಿಂದ ನಿಮ್ಮ ಗೆಳೆಯ ಮುಂದಿನ ಸಲ "ನೋಡಿಯಾಯಿತು" ಎಂದರೆ ಅದು ಹಟವೆಂದು ತಿಳಿಯಬೇಡಿ. ನೀವು ಅವನಿಗಿಂತ ಮುಂದೆ ಓಡುತ್ತಿದ್ದೀರಿ ಎಂಬ ಗುರುತು ಅದು. ಇನ್ನೊಂದು ಉಪಾಯ ಹುಡುಕುವ ಬದಲು "ಇಷ್ಟೆಲ್ಲ ಮಾಡಿಯೂ ಏನೂ ಕೈಗೂಡಲಿಲ್ಲ" ಎಂದಷ್ಟೇ ಹೇಳಿ ನಿಲ್ಲಿಸಿ. ಮುಂದಿನ ಮಾತು ಅವನಿಂದ ಬರಲಿ, ಬರಲು ಹತ್ತಿಪ್ಪತ್ತು ಸೆಕೆಂಡು ಹಿಡಿದರೆ ಹಿಡಿಯಲಿ.

ಇದನ್ನೂ ಒಂದು ತಂತ್ರ ಮಾಡಿಕೊಂಡು ಅವನ ಪ್ರತಿ ವಾಕ್ಯವನ್ನೂ ಗಿಳಿಯಂತೆ ತಿರುಗಿ ಹೇಳಿದರೆ ಅವನಿಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಹಾಗೆಯೇ ಅವನು ಬಾಯಿಬಿಟ್ಟು "ನೀನಾಗಿದ್ದರೆ ಏನು ಮಾಡುತ್ತಿದ್ದೆ?" ಎಂದು ಕೇಳಿದರೆ ಮೌನವ್ರತ ಹಿಡಿಯಬೇಡಿ, ಗೊತ್ತಿದ್ದನ್ನು ಹೇಳಿ. ಕೇಳದಿದ್ದಾಗ ಹೇಳಲೇಬೇಕೆನ್ನಿಸಿದರೆ ಮೊದಲು ಅನುಮತಿ ಪಡೆಯಿರಿ. ಆ ರಾತ್ರಿ ನಾನು "ನನಗೊಂದು ತೋಚುತ್ತಿದೆ, ಹೇಳಲಾ, ಇವತ್ತು ಬೇಡವಾ?" ಎಂದು ಕೇಳಿದೆ. ಅವಳು "ಇವತ್ತು ಬೇಡ" ಎಂದಳು. ನಾನು ಹೇಳಲಿಲ್ಲ. ಬೇಡ ಎಂದಾಗ ನಿಜವಾಗಿ ಬಿಡುವವರಿದ್ದರೆ ಮಾತ್ರ ಆ ಪ್ರಶ್ನೆಗೆ ಬೆಲೆ.

ಕೈಯಾಸರೆಯ ವಿಷಯ ಬೇರೆ, ಅದಕ್ಕೆ ಇಷ್ಟು ಕಾಯಬೇಕಾಗಿಲ್ಲ. ಆದರೆ "ಏನಾದರೂ ಬೇಕಿದ್ದರೆ ಹೇಳು" ಎನ್ನುವುದು ದಣಿದವರಿಗೆ ಇನ್ನೊಂದು ಕೆಲಸ ಹಚ್ಚಿದಂತೆ. ನಾನು ಮಗ್ಗುಲು ಬದಲಿಸುವುದನ್ನು ಅವಳಿಂದಲೇ ಕಲಿತು, "ಗುರುವಾರ ರಾತ್ರಿ ನಾನು ಬಂದು ಇರುತ್ತೇನೆ, ನೀನು ಒಳಗಿನ ಕೋಣೆಯಲ್ಲಿ ಮಲಗು, ಆಗಬಹುದಾ?" ಎಂದೆ. ಆಗಬಹುದು ಅಥವಾ ಬೇಡ ಎಂದಷ್ಟೇ ಅವಳು ಹೇಳಬೇಕಾಗಿತ್ತು. ಮೂರನೆಯ ಗುರುವಾರ ಬೆಳಿಗ್ಗೆ ಎದ್ದು ಬಂದವಳು, "ಅಣ್ಣನಿಗೆ ನಾನೇ ಹೇಳಬೇಕು ಅನ್ನಿಸುತ್ತಿದೆ, ಹೇಗೆ ಶುರು ಮಾಡಲಿ?" ಎಂದು ಕೇಳಿದಳು. ಸುಮಾರು ಐದು ತಿಂಗಳ ಹಿಂದೆ ಫೋನಿನಲ್ಲಿ ಎರಡು ನಿಮಿಷಕ್ಕೆ ನಾನು ಹೇಳಿ ಮುಗಿಸಿದ್ದ ಮಾತೇ ಅದು.

ನಿಮ್ಮ ಗೆಳೆಯನ ವಿಷಯದಲ್ಲಿ ಕೆಲಸ ಹೋದದ್ದು ನಿಮಗೆ ಗೊತ್ತಿದೆ, ಆದರೆ ಅದು ಅವನಿಗೆ ಏನಾಗಿದೆ ಎಂಬುದು ಗೊತ್ತಿರುವ ಹಾಗೆ ನಿಮ್ಮ ಪ್ರಶ್ನೆಯಲ್ಲಿ ಕಾಣಲಿಲ್ಲ. ಹಣದ ಚಿಂತೆಯೋ, ಮನೆಯವರಿಗೆ ಇನ್ನೂ ತಿಳಿಸಿಲ್ಲವೋ, ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲ ಎಂಬುದೇ ಹಿಂಸೆಯೋ, ಅವನೊಬ್ಬನೇ ಬಲ್ಲ. "ಈಗ ದಿನ ಹೇಗೆ ಹೋಗುತ್ತದೆ? ಬೆಳಿಗ್ಗೆಯಿಂದ ಹೇಳು" ಎಂದು ಕೇಳಿ. ಇಲ್ಲಿಯವರೆಗೆ ಕೊಟ್ಟ ಸಲಹೆಗಳ ಬಗ್ಗೆಯೂ ಒಂದು ಮಾತು ಹೇಳಿಬಿಡಿ. ನಾನು ಆ ರಾತ್ರಿಯೇ ಹೇಳಿದ್ದೆ: "ಅವತ್ತು ನಿದ್ದೆ ಬರುತ್ತಿಲ್ಲ ಅಂದಾಗ ಏಕೆ ಅಂತ ನಾನು ಕೇಳಲೇ ಇಲ್ಲ." ಅವಳು "ಕೇಳುತ್ತೀಯ ಅಂತಲೇ ಫೋನ್ ಮಾಡಿದ್ದೆ" ಎಂದಳು.