ದೊಡ್ಡ ಆರ್ಡರ್ ಸಿಕ್ಕಿದ್ದನ್ನು ತಂಡಕ್ಕೆ ಹೇಗೆ ಹೇಳಲಿ?

"ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ಹಾಳೆ ತಟ್ಟೆ ಘಟಕ. 40,000 ತಟ್ಟೆಯ ಆರ್ಡರ್ ಸಿಕ್ಕಿದೆ. ತಂಡಕ್ಕೆ ಹೇಗೆ ತಿಳಿಸಲಿ?"

ಮುಂಗಡ ಖಾತೆಗೆ ಬಂದ ಮೇಲೆ ಹೇಳಿ. ಬಾಯಿಮಾತಿನ ಆರ್ಡರ್ ಕೈತಪ್ಪಿದರೆ ಮುಖ ತೋರಿಸೋದು ಕಷ್ಟ, ಅಲ್ವಾ?

ಸುಮ್ನೆ "ಎಲ್ಲರಿಗೂ ಥ್ಯಾಂಕ್ಸ್" ಅಂದರೆ ಯಾರಿಗೂ ತಾಗುವುದಿಲ್ಲ. ಯಾರ ಯಾವ ಕೆಲಸದಿಂದ ಸಿಕ್ಕಿತು ಅಂತ ಬಿಡಿಸಿ ಹೇಳಿ. ನಾನಾದರೆ ಹೀಗೆ ಹೇಳುತ್ತೇನೆ:

"40,000 ತಟ್ಟೆ ನಮಗೇ ಬಂತು. ಮಳೆಗಾಲದಲ್ಲೂ ಸ್ಯಾಂಪಲ್‌ಗೆ ಬೂಷ್ಟು ಹಿಡಿದಿರಲಿಲ್ಲ. ಅದು ಹಾಳೆ ಒಣಗಿಸಿದ ಅಕ್ಕಂದಿರ ಕೆಲಸ. ಮೊದಲ 10,000 ತಟ್ಟೆ 15ನೇ ತಾರೀಖು ಲಾರಿ ಹತ್ತಬೇಕು. ಗೋಡೌನ್ ಅಣ್ಣ ನಾಳೆ ಸಂಜೆಯೊಳಗೆ ಹಾಳೆ ಎಣಿಸಿ ತಿಳಿಸುತ್ತಾರೆ."

ನೀವು ಬರೆಯುವಾಗ ಅಕ್ಕಂದಿರ, ಅಣ್ಣನ ಹೆಸರನ್ನೇ ಹಾಕಿ. ಓಟಿ ಇದ್ದರೆ ಅದರ ದುಡ್ಡೆಷ್ಟು ಅನ್ನೋದನ್ನೂ ಆಗಲೇ ಹೇಳಿಬಿಡಿ. ಇಲ್ಲದಿದ್ದರೆ ಮಿಷನ್ ಮುಂದೆ ನಿಂತವರಿಗೆ ದೊಡ್ಡ ಆರ್ಡರ್ ಅಂದರೆ ಜಾಸ್ತಿ ದುಡಿತ, ಅಷ್ಟೇ.